ತಂಗಿಯ ಮದುವೆಗೆ ನಾಲ್ಕು ದಿನ ರಜೆ: ಅರ್ಜಿ ವಾಪಸ್ ಬರದಂತೆ ಬರೆಯುವುದು ಹೇಗೆ?

ಪ್ರಶ್ನೆ: ಸರ್, ನಾನು ಕಾರ್ಕಳ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆರನೇ ತರಗತಿಯ ಕ್ಲಾಸ್ ಟೀಚರ್ ನಾನೇ, 6 ಮತ್ತು 7ಕ್ಕೆ ಗಣಿತ ತೆಗೆದುಕೊಳ್ಳುತ್ತೇನೆ, ಬಿಸಿಯೂಟದ ಲೆಕ್ಕವೂ ನನ್ನದೇ. ತಂಗಿಯ ಮದುವೆ ಡಿಸೆಂಬರ್ 7, ಸೋಮವಾರ, ಮಂಗಳೂರಿನಲ್ಲಿ. ಹಿಂದಿನ ದಿನ ಮೆಹೆಂದಿ. 9ಕ್ಕೆ ತೀರ್ಥಹಳ್ಳಿಯಲ್ಲಿ ಹುಡುಗನ ಮನೆಯವರ ಔತಣ. ಶನಿವಾರ ಬೆಳಗ್ಗೆಯೇ ಹೊರಡಬೇಕು. ಸಿ.ಎಲ್. 6 ಉಳಿದಿದೆ. ಅರ್ಜಿ ಕನ್ನಡದಲ್ಲಿ ಹೇಗೆ ಬರೆಯಬೇಕು? ಕಳೆದ ಸಲ ನಾನು ಬರೆದದ್ದನ್ನು ಹೆಡ್‌ಮಾಷ್ಟ್ರು ಸರಿಯಿಲ್ಲ ಎಂದು ವಾಪಸ್ ಕೊಟ್ಟರು.

ಉತ್ತರ: ಟೀಚರೇ, ಮೊದಲು ಪೆನ್ನು ಪಕ್ಕಕ್ಕಿಟ್ಟು ಕ್ಯಾಲೆಂಡರ್ ತೆಗೆಯಿರಿ. ಹೆಡ್‌ಮಾಷ್ಟ್ರಾಗಿ ನಾನು ನೋಡಿದ ರಜಾ ಅರ್ಜಿಗಳಲ್ಲಿ ಭಾಷೆ ಸರಿಯಿಲ್ಲ ಎಂದು ವಾಪಸ್ ಕೊಟ್ಟದ್ದು ಕಡಿಮೆ. ದಿನಾಂಕಕ್ಕೂ ದಿನಗಳ ಸಂಖ್ಯೆಗೂ ತಾಳೆ ಇಲ್ಲದೆ ವಾಪಸ್ ಕೊಟ್ಟದ್ದೇ ಜಾಸ್ತಿ. ನಿಮ್ಮ ಹಳೆಯ ಅರ್ಜಿಯನ್ನೂ ಒಮ್ಮೆ ತೆಗೆದು ನೋಡಿ. ಅಲ್ಲೂ ಅದೇ ಆಗಿರಬಹುದು.

ಡಿಸೆಂಬರ್ 5 ಶನಿವಾರ. 6 ಭಾನುವಾರ, ಅಂದು ಮೆಹೆಂದಿ. 7 ಸೋಮವಾರ ಮದುವೆ. 8ರ ಮಂಗಳವಾರ ಮನೆಯಲ್ಲಿ ನೆಂಟರು ಇನ್ನೂ ಇರುತ್ತಾರೆ, ಪಾತ್ರೆ-ಪಗಡ ವಾಪಸ್ ಕೊಡುವುದು, ಘಟ್ಟ ಹತ್ತಲು ತಯಾರಿ, ಅದರಲ್ಲೇ ದಿನ ಹೋಗುತ್ತದೆ. 9ರ ಬುಧವಾರ ತೀರ್ಥಹಳ್ಳಿ. ಆಗುಂಬೆ ಘಟ್ಟ ಇಳಿದು ರಾತ್ರಿ ಮನೆ ಸೇರಿದರೆ 10ರ ಗುರುವಾರ ಶಾಲೆ. ಹೀಗೆ ಐದು ದಿನ ನೀವು ಊರಲ್ಲಿ ಇರುವುದಿಲ್ಲ, ಆದರೆ ರಜೆ ಬೇಕಾಗಿರುವುದು ನಾಲ್ಕೇ ದಿನ. ಸಾಂದರ್ಭಿಕ ರಜೆಯ ನಡುವೆ ಬರುವ ಭಾನುವಾರ ಮತ್ತು ಸರ್ಕಾರಿ ರಜಾದಿನ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರ ಬೆಳಗ್ಗಿನ ಶಾಲೆ ಮಾತ್ರ ಅಲ್ವಾ, ಅರ್ಧ ಸಿ.ಎಲ್. ಹಾಕಿದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಅಂದಿನ ಶಾಲೆಗೆ ಪೂರ್ತಿ ಗೈರಾಗುತ್ತೀರಿ, ಆದ್ದರಿಂದ ಪೂರ್ತಿ ಒಂದು ಸಿ.ಎಲ್. ಎಂದೇ ಬರೆಯಿರಿ.

ಯಾವ ರಜೆ ಎಂಬುದನ್ನು ಇಲ್ಲೇ ತೀರ್ಮಾನಿಸಿಬಿಡಿ. ನಿಮ್ಮ ಸಂದರ್ಭಕ್ಕೆ ಸಿ.ಎಲ್., ಅಂದರೆ ಸಾಂದರ್ಭಿಕ ರಜೆಯೇ ಸರಿ. ಗಳಿಕೆ ರಜೆ ಬೇಡ. ಕಾರಣ ಹೇಳುತ್ತೇನೆ. ಸಿ.ಎಲ್. ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗಿನದು. 31ರ ರಾತ್ರಿಗೆ ಉಳಿದದ್ದು ಅಲ್ಲೇ ಮುಗಿಯಿತು, ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ನಿಮ್ಮಲ್ಲಿ ಆರು ಉಳಿದಿದೆ, ನಾಲ್ಕು ಬಳಸಿದರೆ ಎರಡು. ಆ ಎರಡು ವರ್ಷದ ಕೊನೆಯ ಮೂರು ವಾರಕ್ಕೆ ಜ್ವರ-ನೆಗಡಿಗೆ ಸಾಕು. ಗಳಿಕೆ ರಜೆ ಹಾಗಲ್ಲ. ಬೇಸಿಗೆ ರಜೆ, ದಸರಾ ರಜೆ ಇರುವ ಇಲಾಖೆ ನಮ್ಮದು, ಹಾಗಾಗಿ ಶಿಕ್ಷಕರಿಗೆ ವರ್ಷಕ್ಕೆ ಸಿಗುವ ಗಳಿಕೆ ರಜೆಯೇ 10 ದಿನ. ಅದು ಖಾತೆಯಲ್ಲಿ ಕೂಡುತ್ತಾ ಹೋಗುತ್ತದೆ, ನಿವೃತ್ತಿಯ ಹೊತ್ತಿಗೆ ಕಾಸಾಗುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಗಳಿಕೆ ರಜೆಯಲ್ಲಿ ನಡುವೆ ಬರುವ ಭಾನುವಾರವೂ ರಜೆಯೇ. ಶನಿವಾರದಿಂದ ಬುಧವಾರದವರೆಗೆ ಗಳಿಕೆ ರಜೆ ಹಾಕಿದರೆ ನಾಲ್ಕಲ್ಲ, ಐದು ಹೋಗುತ್ತದೆ. ವರ್ಷದ ಅರ್ಧ ಒಂದೇ ಮದುವೆಗೆ!

ಎರಡನ್ನೂ ಬೆರೆಸುವ ಯೋಚನೆಯೂ ಬೇಡ. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಯ ಜೊತೆ ಜೋಡಿಸುವಂತಿಲ್ಲ. "ಮೊದಲ ಎರಡು ದಿನ ಸಿ.ಎಲ್., ಉಳಿದದ್ದು ಇ.ಎಲ್." ಎಂದು ಬರೆದರೆ ಆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಮದುವೆ ಕೆಲಸ ಎಂಟು-ಹತ್ತು ದಿನ ಹಿಡಿಯುತ್ತದೆ ಎಂದಾದರೆ ಪೂರ್ತಿ ಅವಧಿಗೆ ಗಳಿಕೆ ರಜೆ ಕೇಳಬೇಕು. ಆಗ ದಾರಿಯೂ ಬೇರೆ. ಸಿ.ಎಲ್. ಅನ್ನು ನಿಮ್ಮ ಮುಖ್ಯ ಶಿಕ್ಷಕರೇ ಮಂಜೂರು ಮಾಡುತ್ತಾರೆ. ಗಳಿಕೆ ರಜೆಯ ಅರ್ಜಿ ಅವರ ಶಿಫಾರಸಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು. ನಿಮ್ಮದು ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲದ ಅರ್ಜಿ. ಸುಮ್ನೆ ಯಾಕೆ ದೊಡ್ಡದು ಮಾಡುವುದು?

ಇನ್ನು ತೀರ್ಥಹಳ್ಳಿ. ಅದು ಶಿವಮೊಗ್ಗ ಜಿಲ್ಲೆ, ಮಂಗಳೂರು ದಕ್ಷಿಣ ಕನ್ನಡ, ನಿಮ್ಮ ಶಾಲೆ ಉಡುಪಿ ಜಿಲ್ಲೆಯಲ್ಲಿ. ಸರ್ಕಾರಿ ನೌಕರರು ಕೆಲಸದ ಊರು ಬಿಟ್ಟು ಹೋಗಲು ಅನುಮತಿ ಪಡೆಯಬೇಕು, ರಜೆಯ ದಿನವಾದರೂ ಅಷ್ಟೇ. ಇದಕ್ಕೆ ಕಚೇರಿ ಭಾಷೆಯಲ್ಲಿ "ಕೇಂದ್ರಸ್ಥಾನ ಬಿಡಲು ಅನುಮತಿ" ಎನ್ನುತ್ತಾರೆ. ಬೇರೆ ಅರ್ಜಿ ಬೇಡ, ಇದೇ ಅರ್ಜಿಯಲ್ಲಿ ಒಂದು ವಾಕ್ಯ ಸಾಕು. ಆದರೆ ಆ ವಾಕ್ಯದಲ್ಲಿ ಭಾನುವಾರವನ್ನೂ ಸೇರಿಸಿ. ರಜೆಯ ಲೆಕ್ಕದಲ್ಲಿ ಇಲ್ಲದ ಭಾನುವಾರ ಈ ಅನುಮತಿಯ ಲೆಕ್ಕದಲ್ಲಿ ಇರುತ್ತದೆ.

ಈಗ ಪೆನ್ನು ತೆಗೆದುಕೊಳ್ಳಿ. ಕೆಳಗಿನದ್ದನ್ನು ಖಾಲಿ ಜಾಗ ತುಂಬಿ ಹಾಗೆಯೇ ಬಳಸಬಹುದು.

ದಿನಾಂಕ: 23-11-2026
ಸ್ಥಳ: ______

ಇವರಿಂದ,
ಶ್ರೀಮತಿ ______
ಸಹ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ______
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ

ಇವರಿಗೆ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ______
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ

ಮಾನ್ಯರೇ,

ವಿಷಯ: ತಂಗಿಯ ಮದುವೆಗಾಗಿ 4 ದಿನಗಳ ಸಾಂದರ್ಭಿಕ ರಜೆ ಮತ್ತು ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ.

ನನ್ನ ಒಡಹುಟ್ಟಿದ ತಂಗಿಯ ಮದುವೆ ದಿನಾಂಕ 07-12-2026ರ ಸೋಮವಾರ ಮಂಗಳೂರಿನಲ್ಲಿ ನಡೆಯಲಿದೆ. ದಿನಾಂಕ 09-12-2026ರ ಬುಧವಾರ ತೀರ್ಥಹಳ್ಳಿಯಲ್ಲಿ ವರನ ಮನೆಯವರ ಔತಣ ಕೂಟವಿದೆ. ಈ ಕಾರ್ಯಗಳಲ್ಲಿ ಭಾಗವಹಿಸಲು ನನಗೆ ದಿನಾಂಕ 05-12-2026 (ಶನಿವಾರ), 07-12-2026 (ಸೋಮವಾರ), 08-12-2026 (ಮಂಗಳವಾರ) ಮತ್ತು 09-12-2026 (ಬುಧವಾರ), ಒಟ್ಟು 4 ದಿನಗಳ ಸಾಂದರ್ಭಿಕ ರಜೆ ಅಗತ್ಯವಿದೆ. ನಡುವಿನ ದಿನಾಂಕ 06-12-2026 ಭಾನುವಾರವಾಗಿರುತ್ತದೆ. ಪ್ರಸಕ್ತ ವರ್ಷದಲ್ಲಿ ನನ್ನ ಖಾತೆಯಲ್ಲಿ 6 ದಿನಗಳ ಸಾಂದರ್ಭಿಕ ರಜೆ ಬಾಕಿ ಇದೆ.

ನನ್ನ ಗೈರುಹಾಜರಿಯಲ್ಲಿ 6 ಮತ್ತು 7ನೇ ತರಗತಿಯ ಗಣಿತ ಅವಧಿಗಳನ್ನು ಸಹ ಶಿಕ್ಷಕರಾದ ಶ್ರೀ ______ ಅವರೂ, 6ನೇ ತರಗತಿಯ ಹಾಜರಿ ಮತ್ತು ಬಿಸಿಯೂಟದ ದಾಸ್ತಾನು ವಹಿಯನ್ನು ಶ್ರೀಮತಿ ______ ಅವರೂ ನೋಡಿಕೊಳ್ಳಲು ಒಪ್ಪಿರುತ್ತಾರೆ. ಅವರ ಸಹಿ ಕೆಳಗಿದೆ. ದಾಸ್ತಾನು ವಹಿಯನ್ನು ದಿನಾಂಕ 04-12-2026ರ ಸಂಜೆ ಅವರಿಗೆ ಒಪ್ಪಿಸುತ್ತೇನೆ.

ಆದ್ದರಿಂದ ಮೇಲ್ಕಂಡ 4 ದಿನಗಳ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಿ, ದಿನಾಂಕ 05-12-2026ರ ಬೆಳಗ್ಗೆಯಿಂದ 09-12-2026ರ ರಾತ್ರಿಯವರೆಗೆ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ದಿನಾಂಕ 10-12-2026ರ ಗುರುವಾರ ಬೆಳಗ್ಗೆ ಶಾಲೆಗೆ ಹಾಜರಾಗುತ್ತೇನೆ.

ರಜೆಯ ಅವಧಿಯಲ್ಲಿ ಸಂಪರ್ಕಕ್ಕೆ: ______

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಮದುವೆ ಆಮಂತ್ರಣ ಪತ್ರಿಕೆಯ ಪ್ರತಿ

ಬದಲಿ ವ್ಯವಸ್ಥೆಗೆ ಒಪ್ಪಿದವರ ಸಹಿ: 1. ______ 2. ______

ಇಷ್ಟೇ. ಒಂದು ಹಾಳೆಯಲ್ಲಿ ಮುಗಿಯುತ್ತದೆ. ಇದರಲ್ಲಿ ಕೆಲವು ಮಾತು ಹೀಗೇ ಏಕೆ ಇರಬೇಕು ಎಂಬುದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಲ ನಕಲು ಮಾಡುವಾಗ ನೀವೇ ಬದಲಾಯಿಸಿಬಿಡುತ್ತೀರಿ.

"ಒಡಹುಟ್ಟಿದ ತಂಗಿ" ಎಂದೇ ಬರೆಯಿರಿ. ನಮ್ಮ ಕಡೆ ದೊಡ್ಡಪ್ಪನ ಮಗಳೂ ತಂಗಿ, ಚಿಕ್ಕಮ್ಮನ ಮಗಳೂ ತಂಗಿ. ಕರೆಯುವಾಗ ಅದು ಚಂದ, ಅರ್ಜಿಯಲ್ಲಿ ಮಾತ್ರ ಗೊಂದಲ. ಒಬ್ಬ ಶಿಕ್ಷಕರು ಒಂದೇ ವರ್ಷದಲ್ಲಿ ಮೂರು ಸಲ "ಸಹೋದರಿಯ ಮದುವೆ" ಎಂದು ಬರೆದು ಕೊಟ್ಟಿದ್ದರು. ಮೂರೂ ನಿಜವೇ, ಸುಳ್ಳೇನಲ್ಲ. ಆದರೆ ಮೂರನೆಯ ಅರ್ಜಿ ಬಂದಾಗ ಸ್ಟಾಫ್ ರೂಮಿನಲ್ಲಿ ನಗು ತಡೆಯಲಾಗಲಿಲ್ಲ. ಒಡಹುಟ್ಟಿದವಳ ಮದುವೆಗೆ ನಾಲ್ಕು ದಿನ ಎಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ಚಿಕ್ಕಮ್ಮನ ಮಗಳ ಮದುವೆಗೆ ನಾಲ್ಕು ದಿನ ಎಂದರೆ ಒಂದು ದಿನ ಕಡಿಮೆ ಮಾಡಬಹುದಲ್ಲ ಎಂದು ಹೆಡ್‌ಮಾಷ್ಟ್ರಿಗೆ ಅನ್ನಿಸುವುದು ಸಹಜ. ಮಂಜೂರು ಮಾಡುವವರು ತೂಗುವುದೇ ಈ ಒಂದು ಪದವನ್ನು.

"05ರಿಂದ 09ರವರೆಗೆ" ಎಂದು ಬರೆಯದೆ ನಾಲ್ಕು ದಿನಾಂಕವನ್ನೂ ವಾರದ ಹೆಸರಿನ ಜೊತೆ ಬಿಡಿಬಿಡಿಯಾಗಿ ಬರೆಯಲು ಹೇಳಿದ್ದೇನೆ. 05ರಿಂದ 09 ಎಂದರೆ ಎಣಿಸಿದವರಿಗೆ ಐದು ಸಿಗುತ್ತದೆ, ಅರ್ಜಿಯಲ್ಲಿ ನಾಲ್ಕು ಎಂದಿರುತ್ತದೆ. ಅಲ್ಲಿಗೆ ಅರ್ಜಿ ವಾಪಸ್. ಜೊತೆಗೆ "ರವರೆಗೆ" ಎಂಬುದರಲ್ಲಿ ಕೊನೆಯ ದಿನ ಸೇರಿದೆಯೇ ಇಲ್ಲವೇ ಎಂಬ ಜಗಳ ಯಾವತ್ತೂ ಇದ್ದದ್ದೇ. ಅದಕ್ಕಾಗಿಯೇ "10ರ ಗುರುವಾರ ಬೆಳಗ್ಗೆ ಹಾಜರಾಗುತ್ತೇನೆ" ಎಂಬ ವಾಕ್ಯ. ಅದೊಂದು ಇದ್ದರೆ ಜಗಳವಿಲ್ಲ.

ಒಮ್ಮೆ ಇದರಿಂದಲೇ ಫಜೀತಿಯಾದದ್ದು ನೆನಪಿದೆ. ನಾನಿದ್ದ ಒಂದು ಶಾಲೆಯಲ್ಲಿ ಒಬ್ಬರು "ತಮ್ಮನ ಮದುವೆಗೆ ಗುರುವಾರದಿಂದ ಶನಿವಾರದವರೆಗೆ" ಎಂದು ಬರೆದಿದ್ದರು. ಶನಿವಾರ ಬರುತ್ತಾರೆ ಎಂದು ನಾನು ತಿಳಿದೆ, ಶನಿವಾರವೂ ರಜೆ ಎಂದು ಅವರು ತಿಳಿದರು. ಆ ಶನಿವಾರವೇ ಮೇಲಿನವರು ಶಾಲೆ ನೋಡಲು ಬರಬೇಕೇ! ಹಾಜರಿ ವಹಿಯಲ್ಲಿ ಅವರ ಹೆಸರಿನ ಮುಂದೆ ಸಹಿಯೂ ಇಲ್ಲ, ರಜೆಯ ಗುರುತೂ ಇಲ್ಲ, ಬೋಳು ಮನೆ. ತಪ್ಪು ನನ್ನದೂ ಹೌದು. ಮಂಜೂರು ಮಾಡುವಾಗ ಎಣಿಸಬೇಕಿತ್ತು, ಎಣಿಸಲಿಲ್ಲ. ಆಮೇಲೆ ವಿವರಣೆ ಬರೆದು ಕೊಟ್ಟದ್ದು ಇಬ್ಬರೂ.

ಬಾಕಿ ಸಿ.ಎಲ್. ಎಷ್ಟು ಎಂದು ಬರೆಯುವುದು ಕಡ್ಡಾಯವೇನಲ್ಲ. ಆದರೂ ಬರೆಯಿರಿ, ಅದಕ್ಕೆ ಮೊದಲು ಶಾಲೆಯ ಸಿ.ಎಲ್. ವಹಿ ನೋಡಿ ಖಚಿತ ಮಾಡಿಕೊಳ್ಳಿ. ನಿಮ್ಮ ನೆನಪಿನ ಆರು ವಹಿಯಲ್ಲಿ ಐದಾಗಿರಬಹುದು, ಎಂದೋ ಹಾಕಿದ ಎರಡು ಅರ್ಧ ದಿನ ಸೇರಿ ಒಂದಾಗಿರುತ್ತದೆ. ನಾಲ್ಕಕ್ಕಿಂತ ಕಡಿಮೆ ಇದೆ ಎಂದು ನವೆಂಬರಿನಲ್ಲೇ ಗೊತ್ತಾದರೆ ಗಳಿಕೆ ರಜೆಗೆ ಅರ್ಜಿ ಹಾಕಲು ಸಮಯವಿರುತ್ತದೆ. ಡಿಸೆಂಬರ್ 4ಕ್ಕೆ ಗೊತ್ತಾದರೆ ಏನೂ ಮಾಡುವಂತಿಲ್ಲ.

ಬದಲಿ ವ್ಯವಸ್ಥೆಯ ಪ್ಯಾರಾವನ್ನು ಬಹಳ ಜನ ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಅರ್ಜಿಯ ಜೀವ ಅಲ್ಲಿದೆ. ರಜೆಯನ್ನು ಹಕ್ಕಿನಿಂದ ಕೇಳುವಂತಿಲ್ಲ, ಶಾಲೆಗೆ ತೊಂದರೆ ಎಂದಾದರೆ ಹೆಡ್‌ಮಾಷ್ಟ್ರು ಇಲ್ಲ ಎನ್ನಬಹುದು. ಅವರ ತಲೆಯಲ್ಲಿ ಓಡುವುದು ನಿಮ್ಮ ತಂಗಿಯ ಮದುವೆಯಲ್ಲ. ಸೋಮವಾರ ಎರಡನೇ ಪೀರಿಯಡ್‌ಗೆ ಏಳನೇ ತರಗತಿಗೆ ಯಾರು ಹೋಗುವುದು, ಅಡುಗೆಯವರು ಅಕ್ಕಿ ಕೇಳಿದರೆ ಅಳೆದು ಕೊಟ್ಟು ಬರೆದಿಡುವವರು ಯಾರು, ಇದೇ. ಅದಕ್ಕೆ ನೀವೇ ಉತ್ತರ ಕೊಟ್ಟುಬಿಟ್ಟರೆ ಸಹಿ ಹಾಕದೆ ಇರಲು ಕಾರಣ ಉಳಿಯುವುದಿಲ್ಲ. ಆದರೆ ಸಹೋದ್ಯೋಗಿಗಳನ್ನು ಕೇಳದೆ ಅವರ ಹೆಸರು ಬರೆಯಬೇಡಿ. ಹಾಗೆ ಬರೆದು ಆಮೇಲೆ "ನನಗೆ ಯಾರು ಹೇಳಿದ್ದು?" ಎಂಬ ಮಾತು ಬಂದ ಶಾಲೆಗಳಿವೆ. ಸಹಿ ಹಾಕಿಸಿಕೊಂಡರೆ ಆ ಪ್ರಶ್ನೆಯೇ ಇಲ್ಲ. ಬಿಸಿಯೂಟದ ವಹಿಯನ್ನು ಶುಕ್ರವಾರ ಸಂಜೆ ಒಪ್ಪಿಸುವಾಗ ಅಕ್ಕಿ, ಬೇಳೆ, ಎಣ್ಣೆ ಎಷ್ಟಿದೆ ಎಂದು ಇಬ್ಬರೂ ಒಟ್ಟಿಗೆ ನೋಡಿ, ಆ ಸಾಲಿಗೆ ಇಬ್ಬರೂ ಸಹಿ ಹಾಕಿ. ಗುರುವಾರ ಬಂದು ಲೆಕ್ಕ ತಾಳೆಯಾಗದಿದ್ದರೆ ಮದುವೆಯ ಖುಷಿಯೆಲ್ಲ ಇಳಿದುಹೋಗುತ್ತದೆ.

ಭಾಷೆಯ ಬಗ್ಗೆ ಕೇಳಿದ್ದೀರಿ, ಎರಡು ಮಾತು ಹೇಳುತ್ತೇನೆ. ನಮ್ಮಲ್ಲಿ ಅರ್ಜಿ ಎಂದ ಕೂಡಲೇ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡುವ ರೂಢಿ. ತಪ್ಪೇನಲ್ಲ. ಆದರೆ ಹಾಗೆ ಶುರು ಮಾಡಿದವರು ಆರು ಸಾಲು ದಾಟಿ "ರಜೆ ದಯಪಾಲಿಸಬೇಕೆಂದು ತಮ್ಮಲ್ಲಿ ವಿನಂತಿ" ಎಂದು ಮುಗಿಸುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ವಿನಂತಿ, ನಡುವೆ ಕ್ರಿಯಾಪದ ಎಲ್ಲಿ ಹೋಯಿತೆಂದು ಗೊತ್ತಿಲ್ಲ. ಮೊದಲು ವಿಷಯ ಹೇಳಿ, ಕೊನೆಗೆ ಒಂದು ಸಲ ಕೇಳಿ. ದಯಪಾಲಿಸುವುದು ದೇವರ ಕೆಲಸ, ಹೆಡ್‌ಮಾಷ್ಟ್ರು ಮಾಡುವುದು ಮಂಜೂರು. ತೀರಾ ಇನ್ನೊಂದು ತುದಿಗೂ ಹೋಗಬೇಡಿ. "4 ದಿನ ರಜೆ ಹಾಕಿರುತ್ತೇನೆ" ಎಂದು ಬರೆದರೆ ಅದು ಅರ್ಜಿಯಲ್ಲ, ತಿಳುವಳಿಕೆ ಪತ್ರ. ವಾಟ್ಸ್ಯಾಪಿನಲ್ಲಿ "ಸರ್ ಶನಿವಾರದಿಂದ ಲೀವ್" ಎಂದು ಕಳಿಸಿ ಕೈಮುಗಿದ ಚಿತ್ರ ಹಾಕುವುದೂ ಅದೇ ಜಾತಿಯದು.

"ಮಾನ್ಯರೇ" ಎಂಬುದು ಹೆಡ್‌ಮಾಷ್ಟ್ರಿಗೂ ಆಗುತ್ತದೆ, ಹೆಡ್‌ಟೀಚರಿಗೂ ಆಗುತ್ತದೆ. "ವಿಧೇಯ" ಎಂಬುದನ್ನು ಮಕ್ಕಳಿಗೆ ಬಿಡಿ, ನಿಮಗೆ "ವಿಶ್ವಾಸಿ" ಸಾಕು. ವಿಷಯದ ಸಾಲಿನಲ್ಲಿ "ರಜೆ ಕೋರಿ" ಎಂದಷ್ಟೇ ಬರೆದರೆ ಸಾಲದು. ಯಾವ ರಜೆ, ಎಷ್ಟು ದಿನ ಎಂಬುದು ಆ ಸಾಲಿನಲ್ಲೇ ಬರಲಿ. ಕಡತದಲ್ಲಿ ಹುಡುಕುವವರು ಓದುವುದು ಅದೊಂದನ್ನೇ.

ಮೆಹೆಂದಿ ಯಾರ ಮನೆಯಲ್ಲಿ, ಅಡುಗೆಗೆ ಎಷ್ಟು ಜನ, ಅಪ್ಪನಿಗೆ ಹುಷಾರಿಲ್ಲದ್ದರಿಂದ ಎಲ್ಲ ನಿಮ್ಮ ಮೇಲೆಯೇ ಬಿದ್ದಿದೆ, ಇದೆಲ್ಲ ಬೇಡ. ಹೇಳಬೇಕೆನಿಸಿದರೆ ಅರ್ಜಿ ಕೊಡುವಾಗ ಬಾಯಲ್ಲಿ ಹೇಳಿ. ಹಾಗೆಂದು "ಮನೆಯಲ್ಲಿ ಕಾರ್ಯಕ್ರಮವಿರುವುದರಿಂದ" ಎಂದು ಮುಚ್ಚಿಡಲೂ ಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಾಗೆ ಬರೆದಿದ್ದೆ. "ಏನು ಕಾರ್ಯಕ್ರಮ? ಯಕ್ಷಗಾನವೋ?" ಎಂದು ಅಂದಿನ ಹೆಡ್‌ಮಾಷ್ಟ್ರು ಎಲ್ಲರ ಎದುರು ಕೇಳಿದರು. ಮಳೆಗಾಲ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಿದ್ದ ದಿನಗಳು, ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ಅರ್ಜಿಯನ್ನು ಎರಡು ವಾರ ಮೊದಲು, ಅಂದರೆ ನವೆಂಬರ್ 23ರ ಸೋಮವಾರ ಕೊಡಿ ಎಂದು ದಿನಾಂಕ ಹಾಕಿದ್ದೇನೆ. ತುಂಬಾ ಮೊದಲೇ ಕೊಟ್ಟರೆ ಮರೆತುಹೋಗುತ್ತದೆ, ತೀರಾ ಹತ್ತಿರ ಕೊಟ್ಟರೆ ಅಷ್ಟರಲ್ಲಿ ಇನ್ನೊಬ್ಬರು ಅದೇ ಸೋಮವಾರ ಕೇಳಿರುತ್ತಾರೆ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಶುರುವಾಗುತ್ತದೆ, ಅದಕ್ಕೆ ಮೊದಲಿನ ಮುಹೂರ್ತಗಳಿಗೆ ಎಲ್ಲ ಮನೆಯವರೂ ಮುಗಿಬೀಳುತ್ತಾರೆ. ನಿಮ್ಮ ಸ್ಟಾಫ್ ರೂಮಿನಲ್ಲೇ ಆ ವಾರ ಇನ್ನೊಂದು ಮದುವೆ ಇದ್ದರೆ ಆಶ್ಚರ್ಯವಿಲ್ಲ. ಅರ್ಜಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ "ಮಂಜೂರು ಮಾಡಿದೆ" ಎಂದು ಬರೆಸಿ, ಸಹಿ ಮತ್ತು ದಿನಾಂಕ ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಅರ್ಜಿ ಕೊಟ್ಟ ಮಾತ್ರಕ್ಕೆ ರಜೆ ಸಿಕ್ಕಿತು ಎಂದಲ್ಲ, ಈ ಸಹಿ ಬಿದ್ದ ಮೇಲೆಯೇ.

ಘಟ್ಟದಲ್ಲಿ ಏನಾದರೂ ಆಗಿ 9ರ ರಾತ್ರಿ ಬರಲಾಗದಿದ್ದರೆ? ರಾತ್ರಿಯೇ ಫೋನ್ ಮಾಡಿ ಹೇಳಿ. ಬಂದ ದಿನ 10ಕ್ಕೆ ಮಾತ್ರ ಸೀಮಿತವಾದ ಇನ್ನೊಂದು ಅರ್ಜಿ ಬರೆಯಿರಿ, ಉಳಿದ ಎರಡು ಸಿ.ಎಲ್.ನಲ್ಲಿ ಒಂದು ಅಲ್ಲಿಗೆ ಹೋಗುತ್ತದೆ. ಹಳೆಯ ಅರ್ಜಿಯಲ್ಲಿ 4 ಇದ್ದದ್ದನ್ನು 5 ಎಂದು ತಿದ್ದುವುದು ಬೇಡ. ಮಂಜೂರಾದ ಕಾಗದವನ್ನು ತಿದ್ದಿದರೆ ಯಾರು ಯಾವಾಗ ತಿದ್ದಿದ್ದು ಎಂಬ ಪ್ರಶ್ನೆ ಏಳುತ್ತದೆ. ಶಾಲೆಗೆ ಮರಳಿದ ಮೇಲೆ ಹಾಜರಿ ವಹಿಯಲ್ಲಿ ನಿಮ್ಮ ನಾಲ್ಕೂ ದಿನಗಳ ಮನೆಯಲ್ಲಿ ಸಿ.ಎಲ್. ಎಂದು ಗುರುತು ಬಿದ್ದಿದೆಯೇ ಎಂದು ನೋಡಿ, ಬಿದ್ದಿಲ್ಲದಿದ್ದರೆ ಹೆಡ್‌ಮಾಷ್ಟ್ರಿಗೆ ನೆನಪಿಸಿ. ನೀವೇ ತುಂಬಬೇಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಅನುದಾನಿತ ಅಥವಾ ಖಾಸಗಿ ಶಾಲೆಯಲ್ಲಿ ಇರುವವರು ನಿಮ್ಮ ಸಂಸ್ಥೆಯಲ್ಲಿ ರಜೆ ಮಂಜೂರು ಮಾಡುವವರು ಯಾರು ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಸಂಚಾಲಕರಿಗೆ ಹೋಗಬೇಕು. ಆಗ "ಇವರಿಗೆ" ಎಂಬಲ್ಲಿ ಸಂಚಾಲಕರ ಹೆಸರು, ಅದರ ಕೆಳಗೆ "ಮುಖ್ಯ ಶಿಕ್ಷಕರ ಮೂಲಕ" ಎಂದು ಬರೆಯಿರಿ. ಉಳಿದದ್ದೆಲ್ಲ ಇದೇ.

ಟೀಚರೇ, ಕೊನೆಗೆ ಆಮಂತ್ರಣ ಪತ್ರಿಕೆ. ಅರ್ಜಿಗೆ ಲಗತ್ತಿಸಲು ಅದರ ಒಂದು ಝೆರಾಕ್ಸ್ ಸಾಕು, ಅದು ಕಡತಕ್ಕೆ ಹೋಗುತ್ತದೆ. ಅದನ್ನೇ ಹೆಡ್‌ಮಾಷ್ಟ್ರ ಕೈಗೆ ಕೊಟ್ಟು "ಸರ್, ಬರಬೇಕು" ಎನ್ನಬೇಡಿ. ಅರಸಿನ-ಕುಂಕುಮ ಹಚ್ಚಿದ, ಹೆಸರು ಬರೆದ ಕಾಗದವನ್ನು ಇನ್ನೊಂದು ದಿನ ಅವರ ಮನೆಗೆ ಹೋಗಿ ಕೊಡಿ. ಸಾಧ್ಯವಾದರೆ ಅರ್ಜಿ ಮಂಜೂರಾದ ಮೇಲೆ.